ಕಕ್ಷಿದಾರರನ್ನು ಉಳಿಸಿಕೊಂಡು ಕೆಲಸ ಬಿಟ್ಟ ಲೆಕ್ಕ

ತುಮಕೂರಿನಲ್ಲಿ ತೆರಿಗೆ ಸಲಹೆಗಾರನಾಗಿರುವ ನಾನು, ನನಗೆ ಅತಿ ಹೆಚ್ಚು ಫೀಸು ಕೊಡುತ್ತಿದ್ದ ಅಕ್ಕಿ ಗಿರಣಿಯ ಕೆಲಸದಲ್ಲಿ ಬಹುಪಾಲನ್ನು ಕೈಬಿಡುತ್ತೇನೆಂದಾಗ, ಇದೇ ವೃತ್ತಿಯ ಗೆಳೆಯರು ಗಿರಣಿಯೇ ಕೈತಪ್ಪಿ ಹೋಗುತ್ತದೆ ಎಂದಿದ್ದರು. ಗಿರಣಿ ಇಂದಿಗೂ ನನ್ನಲ್ಲೇ ಇದೆ, ಆದಾಯವೂ ಹೆಚ್ಚಿದೆ.

ಮಾರ್ಚ್ ಮುಗಿದ ಮೇಲೆ ಒಂದು ಪಟ್ಟಿಯಲ್ಲಿ ಕಕ್ಷಿದಾರರ ಹೆಸರುಗಳನ್ನು ಮೇಲಿಂದ ಕೆಳಕ್ಕೂ ಸೇವೆಗಳನ್ನು ಅಡ್ಡಲಾಗಿಯೂ ಹಾಕಿ, ಬಿಲ್ಲಿನ ಮೊತ್ತವನ್ನಲ್ಲ, ಬ್ಯಾಂಕಿಗೆ ಬಂದ ಹಣವನ್ನು ಮಾತ್ರ ತುಂಬುತ್ತೇನೆ. ಫೀಸು ಒಟ್ಟಾಗಿ ಬಂದಿದ್ದರೆ, ಹೊಸಬರು ಆ ಒಂದು ಸೇವೆಯನ್ನಷ್ಟೇ ಕೇಳಿದರೆ ಎಷ್ಟು ಹೇಳುತ್ತಿದ್ದೆನೋ ಆ ದರದಲ್ಲಿ ಹಂಚುತ್ತೇನೆ. ಗಂಟೆಗಳ ಲೆಕ್ಕ ದಿನಚರಿಯಿಂದ ಬರುತ್ತದೆ. ಫೋನಿನಲ್ಲಿ ಕಳೆದ ಹೊತ್ತನ್ನು ಬರೆಯದಿದ್ದರೆ ಈ ಲೆಕ್ಕ ಸುಳ್ಳಾಗುತ್ತದೆ.

ಗಿರಣಿಯಿಂದ ವರ್ಷಕ್ಕೆ ಸುಮಾರು 72,000 ರೂಪಾಯಿ ಬರುತ್ತಿತ್ತು, ಅದಕ್ಕೆ 300 ಗಂಟೆ ಹಿಡಿಯುತ್ತಿತ್ತು. ಜಿಎಸ್‌ಟಿ ರಿಟರ್ನ್‌ಗೆ ಮತ್ತು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ 2ಬಿ ಜೊತೆ ಖರೀದಿಗಳನ್ನು ತಾಳೆ ನೋಡುವುದಕ್ಕೆ 24,000, ವರ್ಷಾಂತ್ಯದ ಲೆಕ್ಕಪತ್ರಕ್ಕೆ 18,000 ಎಂದು ತೆಗೆದರೆ, ಬಿಲ್ಲುಗಳನ್ನು ಟ್ಯಾಲಿ ತಂತ್ರಾಂಶಕ್ಕೆ ಏರಿಸುವ ಕೆಲಸಕ್ಕೆ ಉಳಿದದ್ದು 30,000. ಆದರೆ 220 ಗಂಟೆಯನ್ನು ನುಂಗುತ್ತಿದ್ದುದು ಅದೇ, ಅಂದರೆ ಗಂಟೆಗೆ 140 ರೂಪಾಯಿಯೂ ಇಲ್ಲ. ಉಳಿದ ಎರಡು ಕೆಲಸಗಳಲ್ಲಿ ಗಂಟೆಗೆ 500 ದಾಟುತ್ತಿತ್ತು. ಕಕ್ಷಿದಾರರ ಒಟ್ಟು ಮೊತ್ತವನ್ನಷ್ಟೇ ನೋಡಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಅದಕ್ಕೂ ಮುಂಚಿನ ವರ್ಷ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಫೀಸು ಏರಿಸಿ ನೋಡಿದ್ದೆ, ಅದು ಫಲಿಸಲಿಲ್ಲ. ಬಿಟ್ಟುಹೋದವರು ಮೂರು ತಿಂಗಳಿಗೊಮ್ಮೆ ಬರುತ್ತಿದ್ದ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತಿದ್ದ, ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯಾದ ಕಾಂಪೊಸಿಷನ್‌ನಲ್ಲಿದ್ದ ಅಂಗಡಿಯವರು. ಗಂಟೆಗೆ 700ಕ್ಕೂ ಹೆಚ್ಚು ಕೊಡುತ್ತಿದ್ದವರು ಅವರೇ.

ಗಿರಣಿಯ ಯಜಮಾನರಿಗೆ ಬಿಲ್ಲು ಏರಿಸಲು ಅಲ್ಲೇ ಒಬ್ಬ ಹುಡುಗನನ್ನು ಇಟ್ಟುಕೊಳ್ಳಲು ಹೇಳಿ, ಅವನಿಗೆ ನಾನೇ ಕಲಿಸಿ, ಪರಿಶೀಲನೆಯೂ ಸೇರಿದಂತೆ ಫೀಸನ್ನು 48,000ಕ್ಕೆ ಇಳಿಸಿದೆ. ಮೊದಲ ಎರಡು ತಿಂಗಳು ತಪ್ಪು ಖಾತೆಗೆ ಹೋದ ಖರೀದಿಗಳನ್ನು ತಿದ್ದುವುದರಲ್ಲೇ ಸಮಯ ಹೋಯಿತು. ಆಮೇಲೆ ವರ್ಷದ ಒಟ್ಟು ಸುಮಾರು 90 ಗಂಟೆಗೆ ಬಂದು ನಿಂತಿತು. 

ಕಳೆದ ವರ್ಷ ಇನ್ನೊಂದು ಪ್ರಯೋಗವಾಗಿ, ಪ್ರತಿ ತಿಂಗಳ 14ಕ್ಕೆ 2ಬಿ ಬಂದ ಮೇಲೆ, ತಿಂಗಳ ಜಿಎಸ್‌ಟಿ ರಿಟರ್ನ್ ಆದ 3ಬಿಯ 20ರ ಗಡುವಿನವರೆಗೆ ಹಿಡಿಯುವ ಗಂಟೆಗಳನ್ನು ಬೇರೆ ಕಾಲಂನಲ್ಲಿ ಬರೆದೆ. ಶಿಕ್ಷಕರ ಆದಾಯ ತೆರಿಗೆ ರಿಟರ್ನ್ ಗಂಟೆಯ ಲೆಕ್ಕದಲ್ಲಿ ಲಾಭದ್ದೇ ಆದರೂ, ಜುಲೈಯಲ್ಲಿ ಇದೇ ದಿನಗಳಿಗೆ ಬಂದು ಬೀಳುವುದರಿಂದ ಅದನ್ನು ಜೂನ್ ಕೊನೆಯ ವಾರ ಮತ್ತು ಜುಲೈ ಮೊದಲ ವಾರದಲ್ಲಿ ಮಾತ್ರ ತೆಗೆದುಕೊಳ್ಳುತ್ತೇನೆ.

ಮುಂದಿನ ವರ್ಷಕ್ಕೆ ಒಟ್ಟು ಆದಾಯದ ಗುರಿಯನ್ನು ನಾನು ಇಟ್ಟುಕೊಂಡಿಲ್ಲ. ಗಂಟೆಗೆ 400ಕ್ಕಿಂತ ಕೆಳಗಿರುವ ಕೆಲಸ ಯಾವ ಕಕ್ಷಿದಾರರದ್ದೇ ಆದರೂ ಉಳಿಯಬಾರದು, ಉಳಿದ ಸಮಯ ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟುಗಳಿಗೆ ಹೋಗಬೇಕು. 400ಕ್ಕಿಂತ ಕೆಳಗಿನ ಕೆಲಸಗಳು ನನ್ನ ಪಟ್ಟಿಯಲ್ಲಿ ಇನ್ನೂ ನಾಲ್ಕೈದು ಇವೆ. ಸೆಪ್ಟೆಂಬರಿನ ಒಳಗೆ ಆ ಕಕ್ಷಿದಾರರೊಂದಿಗೆ ಮಾತನಾಡುತ್ತೇನೆ.