ಕೆಲಸದ ಪ್ರಶ್ನೆಗೆ ಲವರ್ಸ್ ಕಾರ್ಡ್ ಬಂದಾಗ

ಹೋದ ಶ್ರಾವಣದಲ್ಲಿ ಜಯನಗರದ ನಮ್ಮ ಮನೆಗೆ ಒಬ್ಬ ಟೀಚರ್ ಬಂದಿದ್ದರು. 11 ವರ್ಷದಿಂದ ಒಂದೇ ಶಾಲೆಯಲ್ಲಿ ಗಣಿತ ಪಾಠ. ಈಗ ಬೆಳ್ಳಂದೂರು ಕಡೆಯ ಆನ್‌ಲೈನ್ ಪಾಠದ ಕಂಪನಿಯೊಂದು ಕರೆದಿದೆ, ಸಂಬಳ ಎರಡರಷ್ಟು. ಹೋಗಲಾ, ಇರಲಾ?

ಇಂಥದ್ದಕ್ಕೆ ನಾನು ಮೂರೇ ಟ್ಯಾರೋ ಕಾರ್ಡ್ ಹಾಕುತ್ತೇನೆ. ಎಡಗಡೆಯದು ಇದ್ದಲ್ಲೇ ಇದ್ದರೆ ಹೇಗೆ, ಬಲಗಡೆಯದು ಹೋದರೆ ಹೇಗೆ, ನಡುವಿನದು ಗಂಟು ಎಲ್ಲಿದೆ ಅನ್ನೋದು. ನಡುವೆ ಲವರ್ಸ್ ಬಂತು. ಅವರು ನಕ್ಕುಬಿಟ್ಟರು. "ಅಯ್ಯೋ, ನನಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ ಮೇಡಂ!"

ಶುರುವಿನಲ್ಲಿ ನಾನೂ ಇದನ್ನು ನೋಡಿ "ಆಫೀಸಲ್ಲಿ ಒಳ್ಳೆ ಜೊತೆ ಸಿಗುತ್ತೆ" ಅಂತ ಹೇಳಿ ಪೆಚ್ಚಾಗಿದ್ದೇನೆ. ಆಮೇಲೆ ಮಾರ್ಸೇ ಡೆಕ್ ಅನ್ನೋ ಹಳೆಯ ಫ್ರೆಂಚ್ ಟ್ಯಾರೋ ಕಟ್ಟಿನಲ್ಲಿ ಇದೇ ಕಾರ್ಡ್‌ನ ಚಿತ್ರ ನೋಡಿದೆ. ಅಲ್ಲಿ ಇಬ್ಬರು ಹೆಂಗಸರ ನಡುವೆ ಒಬ್ಬ ಹುಡುಗ ನಿಂತಿದ್ದಾನೆ, ಮೇಲೆ ಬಾಣ ಹಿಡಿದ ಮನ್ಮಥ. ಯಾವ ಕಡೆ ಹೋಗಲಿ ಅನ್ನೋ ಪ್ರಶ್ನೆ ಮುಖದಲ್ಲೇ ಇದೆ. 1909ರ ರೈಡರ್ ಡೆಕ್‌ಗೆ ಪಮೆಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರವೇ ಬೇರೆ. ಗಂಡಸು ಹೆಂಗಸನ್ನು ನೋಡುತ್ತಾನೆ, ಹೆಂಗಸು ಮೇಲಿರುವ ದೇವದೂತನನ್ನು ನೋಡುತ್ತಾಳೆ. ನಾನು ಕಾರ್ಡ್ ಓದುವುದು ಈ ನೋಟಗಳಿಂದಲೇ. ಒಬ್ಬನಿಗೆ ಕಣ್ಣೆದುರು ಇರುವುದು ಬೇಕು, ಇನ್ನೊಬ್ಬಳು ತನಗಿಂತ ದೊಡ್ಡದನ್ನು ಕೇಳಿ ನಿರ್ಧರಿಸುತ್ತಾಳೆ.

ಬಲಗಡೆ ಸೆವೆನ್ ಆಫ್ ಸ್ವೋರ್ಡ್ಸ್, ಕತ್ತಿಗಳನ್ನು ಎತ್ತಿಕೊಂಡು ಮೆಲ್ಲಗೆ ಜಾರಿಕೊಳ್ಳುವವನು. ಕಂಪನಿ ಮೋಸದ್ದು ಅಂತ ನಾನು ಹೇಳಲಿಲ್ಲ, ಅದು ಕಾರ್ಡ್‌ನಿಂದ ಗೊತ್ತಾಗುವ ವಿಷಯವಲ್ಲ. "ಅಲ್ಲಿ ದಿನಾ ಏನು ಮಾಡಬೇಕು?" ಅಂತಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಪ್ಪ ಅಮ್ಮಂದಿರಿಗೆ ಫೋನ್ ಮಾಡಿ, ಮಗು ಹಿಂದೆ ಬೀಳುತ್ತೆ ಅಂತ ಹೆದರಿಸಿ, ಕಂತಿನ ಮೇಲೆ ಕೋರ್ಸ್ ಮಾರಬೇಕಂತೆ.

ಹಾಗಾದರೆ ಶಾಲೆಯೇ ಸರಿ ಅಂತ ಮುಗಿಸಬಹುದಿತ್ತು, ಅಲ್ವಾ? ಆದರೆ ಎಡಗಡೆ ಇದ್ದದ್ದು ಫೋರ್ ಆಫ್ ಪೆಂಟಕಲ್ಸ್, ನಾಣ್ಯ ಎದೆಗೆ ಅವಚಿಕೊಂಡು ಕೂತವನು. ಈ ತಪ್ಪು ಜಾಸ್ತಿ ಆಗುತ್ತೆ. ಲವರ್ಸ್ ಬಂದ ಕೂಡಲೇ ಕಡಿಮೆ ಸಂಬಳದ ದಾರಿಯೇ ಮೌಲ್ಯದ ದಾರಿ ಅಂದುಕೊಳ್ಳುತ್ತೇವೆ. ಇವರು ಶಾಲೆಯಲ್ಲಿ ಉಳಿದದ್ದು ಪ್ರೀತಿಗಾ, ಭಯಕ್ಕಾ?

ಒಂದು ಹಾಳೆ ಕೊಟ್ಟೆ. ಕಳೆದ ತಿಂಗಳು ಕೆಲಸದಲ್ಲಿ ಖುಷಿಯಾದ ಮೂರು ಗಳಿಗೆ, ನಾಚಿಕೆಯಾದ ಒಂದು ಗಳಿಗೆ ಬರೆಯಿರಿ ಅಂದೆ. ಖುಷಿಯ ಮೂರೂ ಒಂದೇ ಥರ: ಭಿನ್ನರಾಶಿ ಅರ್ಥವಾಗದ ಮಕ್ಕಳಿಗೆ ಹೊಸ ದಾರಿ ಹುಡುಕಿ ಹೇಳಿಕೊಟ್ಟದ್ದು. ನಾಚಿಕೆಯದ್ದು ಶಾಲೆಯಲ್ಲೇ ನಡೆದದ್ದು, ಮೇಲಿನವರು ಹೇಳಿದರು ಅಂತ ಅಂಕ ತಿದ್ದಿದ್ದು. ಅದನ್ನು ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಪಾಠ ಬರೆಯುವ ಕೆಲಸ ಕೊಡ್ತೀರಾ ಅಂತ ಕಂಪನಿಯನ್ನು ಕೇಳಿದರಂತೆ. ಇಲ್ಲ ಅಂದರು, ಇವರೂ ಬೇಡ ಅಂದರು. ಈಗ ಬೇರೆ ಶಾಲೆ ಹುಡುಕುತ್ತಿದ್ದಾರೆ.