ಲಿಂಬೆರಸ ಇಳಿದ ಕೈಗೆ ಬಿಸಿಲು ಬಿದ್ದಾಗ

ಶರಣಬಸವೇಶ್ವರ ಜಾತ್ರೆಗೆ ಬಂದವರಿಗೆ ಶರಬತ್ತು ಕೊಡೋಣ ಅಂತ ನಮ್ಮ ಓಣಿಯವರು ಸೇರಿ ಎರಡು ಚೀಲ ಲಿಂಬೆಹಣ್ಣು ತಂದಿದ್ದೆವು. ಹೋಳಿ ಮುಗಿದು ಐದನೇ ದಿನ. ಕಲಬುರಗಿಯ ಆ ಬಿಸಿಲನ್ನು ಹೇಳಬೇಕಾಗಿಲ್ಲ. ಮನೆಯೊಳಗೆ ಜಾಗ ಸಾಲದೆ ನಾನು, ನಮ್ಮ ವೈನಿ ಮಾಳಿಗೆ ಮೇಲೆ ಕೂತು ಹನ್ನೊಂದರಿಂದ ಎರಡು ಗಂಟೆವರೆಗೆ ಹಿಂಡಿದೆವು. ಕೈ ಅಂಟಂಟಾದಾಗ ಬಕೆಟ್ ನೀರಲ್ಲಿ ಅದ್ದುತ್ತಿದ್ದೆವು, ಅಷ್ಟೇ. ರಸ ಮೊಣಕೈವರೆಗೆ ಇಳಿಯುತ್ತಿತ್ತು. ನಡುವೆ ವೈನಿಯ ಮಗಳು ಓಡಿ ಬಂದಳು. ತೋಳಿಲ್ಲದ ಫ್ರಾಕು. ಭುಜ ಹಿಡಿದು ಪಕ್ಕಕ್ಕೆ ಸರಿಸಿದೆ. ಅವಳು ಅಲ್ಲೇ ಬಿಸಿಲಲ್ಲಿ ಆಡಿಕೊಂಡಳು.

ಆ ದಿನ ಏನೂ ಆಗಲಿಲ್ಲ. ಮರುದಿನ ಸಂಜೆ ಕೈ ಉರಿಯತೊಡಗಿತು, ಬಿಸಿ ಎಣ್ಣೆ ಸಿಡಿದ ಹಾಗೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಮುಂಗೈಯಿಂದ ಮೊಣಕೈವರೆಗೆ ಕೆಂಪು ಗೆರೆಗಳು, ಬೆರಳ ಸಂದಿಯಲ್ಲಿ ಕಡಲೆಕಾಳಿನಷ್ಟು ನೀರ್ಗುಳ್ಳೆಗಳು. ಹುಡುಗಿಯ ಭುಜದ ಮೇಲೆ ನಾಲ್ಕು ಬೆರಳಿನ ಗುರುತು, ಯಾರೋ ಬಾರಿಸಿದಂತೆ! "ಯಾರ್ ಹೊಡದಾರ ನಿನಗ?" ಅಂತ ವೈನಿ ಕೇಳಿದಾಗ ಹುಡುಗಿ ನನ್ನ ಕಡೆ ನೋಡಿದಳು. ಆ ಒಂದು ಗಳಿಗೆ ನನಗೆ ಗುಳ್ಳೆಗಿಂತ ಜಾಸ್ತಿ ಉರಿಯಿತು.

ಮೊದಲು ತೋರಿಸಿದ ಕಡೆ ಸರ್ಪಸುತ್ತು ಅಂದು ಗುಳಿಗೆ ಬರೆದುಕೊಟ್ಟರು. ನನಗೆ ಸಮಾಧಾನ ಆಗಲಿಲ್ಲ. ಸರ್ಪಸುತ್ತು ಎರಡೂ ಕೈಗೆ, ಮಗುವಿನ ಭುಜಕ್ಕೆ ಒಂದೇ ದಿನ ಬರುತ್ತದಾ? ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಅವರು ಗೆರೆ ನೋಡಿದವರೇ ಕೇಳಿದರು: "ಬಿಸಿಲಾಗ ಕುಂತು ಲಿಂಬಿಹಣ್ಣು ಹಿಂಡೀರೇನ್ರಿ?"

ಲಿಂಬೆಯ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ, ಸೊರಾಲೆನ್ ಎಂಬ ಜಾತಿಯ ವಸ್ತುಗಳಿವೆ. ಚರ್ಮಕ್ಕೆ ಹತ್ತಿ ನೆರಳಲ್ಲಿದ್ದರೆ ಸುಮ್ನೆ ಇರುತ್ತವೆ. ಬಿಸಿಲಿನ ಯುವಿಎ ಕಿರಣ ಬಿದ್ದರೆ ಚರ್ಮದ ಜೀವಕೋಶಗಳನ್ನೇ ಸುಡುತ್ತವೆ. ತೊನ್ನಿಗೆ ಹಚ್ಚುವ ಬಾವಂಚಿ ಬೀಜದಲ್ಲಿರುವುದೂ ಇದೇ. ಒದ್ದೆ ಕೈ, ಬೆವರು ಇದ್ದರೆ ಇನ್ನಷ್ಟು ಒಳಗೆ ಇಳಿಯುತ್ತದೆ. ಇದು ಅಲರ್ಜಿ ಅಲ್ಲ, ಯಾರಿಗೆ ಬೇಕಾದರೂ ಆಗಬಹುದು. ಸಾಮಾನ್ಯವಾಗಿ ಒಂದು ದಿನ ಬಿಟ್ಟು ಶುರುವಾಗಿ ಎರಡು ಮೂರನೇ ದಿನ ಜೋರಾಗುತ್ತದೆ. ಅಷ್ಟರಲ್ಲಿ ಲಿಂಬೆಹಣ್ಣು ಮರೆತೇ ಹೋಗಿರುತ್ತದೆ. ರಸ ಹರಿದಲ್ಲಿ ಗೆರೆ, ಕೈ ತಾಗಿದಲ್ಲಿ ಬೆರಳು. ವೈನಿ ಅದನ್ನು ಕೇಳಿ ನನ್ನ ಕೈ ಹಿಡಿದರು.

ನಾನು ಮಾಡಿದ್ದಿಷ್ಟು. ತಣ್ಣೀರಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಹದಿನೈದು ನಿಮಿಷ ಇಡುವುದು, ದಿನಕ್ಕೆ ನಾಲ್ಕು ಸಲ. ಐಸ್ ನೇರವಾಗಿ ಇಡಲಿಲ್ಲ. ಉರಿ ತಡೆಯದಾದಾಗ ಪ್ಯಾರಸಿಟಮಾಲ್. ಚರ್ಮ ಒಡೆಯದ ಕೆಂಪು ಜಾಗಕ್ಕೆ ಡಾಕ್ಟರ್ ಕೊಟ್ಟ ಸ್ಟೀರಾಯ್ಡ್ ಮುಲಾಮು, ಅವರು ಹೇಳಿದಷ್ಟೇ ದಿನ. ಗುಳ್ಳೆ ಒಡೆಯಲಿಲ್ಲ, ಅದರ ಮೇಲಿನ ಚರ್ಮವೇ ಒಳಗಿನ ಹಸಿ ಜಾಗಕ್ಕೆ ಮುಚ್ಚಳ. ಒಂದು ತಾನಾಗಿ ಒಡೆಯಿತು. ಸೋಪು ನೀರಲ್ಲಿ ಮೆಲ್ಲಗೆ ತೊಳೆದು, ವ್ಯಾಸಲಿನ್ ಹಚ್ಚಿ, ಅಂಟದ ಗಾಜ್ ಕಟ್ಟಿ ದಿನಾ ಬದಲಿಸಿದೆ. ಕೀವು, ಜ್ವರ, ಸುತ್ತಲೂ ಹಬ್ಬುವ ಕೆಂಪು ಕಂಡರೆ ತಕ್ಷಣ ಬರಬೇಕು ಅಂದಿದ್ದರು. ಕಣ್ಣಿನ ಹತ್ತಿರ ಆದರೆ, ಮೈಯ ದೊಡ್ಡ ಭಾಗಕ್ಕೆ ಗುಳ್ಳೆ ಎದ್ದರೆ ಮನೆಮದ್ದಿಗೆ ಕೂರಬಾರದು.

ಹತ್ತು ದಿನದಲ್ಲಿ ಗಾಯ ಮಾಯಿತು. ಗೆರೆ ಮಾತ್ರ ಕಪ್ಪಾಗಿ ಉಳಿಯಿತು. ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರಂತೂ ಕಪ್ಪು ಹೋಗಲು ಲಿಂಬೆರಸ ಹಚ್ಚು ಅಂದರು! ಅಂಗಡಿಯಲ್ಲಿ ಸಿಗುವ ಬೆಳ್ಳಗಾಗಿಸುವ ಕ್ರೀಮೂ ಬೇಡ, ಎಷ್ಟೋ ಕ್ರೀಮಿನಲ್ಲಿ ಬಲವಾದ ಸ್ಟೀರಾಯ್ಡ್ ಬೆರೆತಿರುತ್ತದೆ ಅಂದರು ಡಾಕ್ಟರ್. ಇದಕ್ಕೆ ಬೇಕಾದದ್ದು ಬಿಸಿಲು ತಾಗದಂತೆ ನೋಡಿಕೊಳ್ಳುವುದು, ಕಾಯುವುದು. ತುಂಬುತೋಳಿನ ರವಿಕೆ, ಯುವಿಎ ತಡೆಯುತ್ತದೆ ಅಂತ ಬರೆದಿರುವ ಸನ್‌ಸ್ಕ್ರೀನ್, ಇವೆರಡನ್ನೂ ಬಿಡಲಿಲ್ಲ. ಕಿಟಕಿ ಗಾಜಿನಿಂದಲೂ ಯುವಿಎ ಒಳಗೆ ಬರುತ್ತದಂತೆ, ಬಸ್ಸಲ್ಲಿ ಹೋಗುವಾಗಲೂ ಸೆರಗು ಹೊದ್ದುಕೊಂಡೆ. ಪಂಚಮಿ ಹೊತ್ತಿಗೆ ಹುಡುಗಿಯ ಭುಜದ ಮೇಲಿನ ಬೆರಳು ಅಳಿಸಿತ್ತು, ನನ್ನ ಗೆರೆ ದಸರೆವರೆಗೂ ತೆಳುವಾಗಿ ಕಾಣುತ್ತಿತ್ತು.

ಈಗ ಹಣ್ಣು ಹಿಂಡುವುದು ಅಡುಗೆಮನೆಯಲ್ಲೇ. ಮುಗಿದ ಮೇಲೆ ಉಗುರು, ಬೆರಳ ಸಂದಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತೇವೆ. ತೊಳೆದ ತಕ್ಷಣವೂ ಬಿಸಿಲಿಗೆ ಹೋಗುವುದಿಲ್ಲ, ಒಳಗೆ ಇಳಿದದ್ದು ಸೋಪಿಗೆ ಬರುವುದಿಲ್ಲ ನೋಡಿ. ಮಗುವನ್ನು ಎತ್ತಿಕೊಳ್ಳುವುದೂ ಕೈ ತೊಳೆದ ಮೇಲೆಯೇ.