ಹಳದಿಯ ಮೇಲಿನ ಕೆಂಪು ಚುಕ್ಕೆ: ಯಾವ ಮೊಟ್ಟೆ ತಿಂದೆ, ಯಾವುದನ್ನು ಎಸೆದೆ

ಹೊಳಲ್ಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ನಲವತ್ತು ನಾಟಿ ಕೋಳಿ, ಮೂರು ಹುಂಜ ಸಾಕಿಕೊಂಡಿದ್ದೇನೆ. ವಾರಕ್ಕೆರಡು ಸಲ ಚಿತ್ರದುರ್ಗದ ಕೆಲವು ಮನೆಗಳಿಗೆ ಮೊಟ್ಟೆ ಕೊಟ್ಟು ಬರುತ್ತೇನೆ. ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ, ಜೋಗಿಮಟ್ಟಿ ರಸ್ತೆ ಕಡೆಯ ಒಬ್ಬ ಅಕ್ಕ ಫೋನ್ ಮಾಡಿದರು. ದನಿಯಲ್ಲೇ ಗಾಬರಿ ಇತ್ತು. "ಅಣ್ಣಾ, ಮೊಮ್ಮಗೂಗೆ ಅಂತ ಮೊಟ್ಟೆ ಒಡೆದೆ, ಒಳಗೆ ರಕ್ತ ಐತೆ. ಮರಿ ಕಟ್ಟಿದ್ದು ಕೊಟ್ಟುಬಿಟ್ಟಿದ್ದೀರಲ್ಲ. ನಮ್ಮತ್ತೆ ಪಾಪ ಬಂತು ಅಂತ ಕೂತವ್ರೆ."

ಫೋನಲ್ಲಿ ಹೇಳಿ ಒಪ್ಪಿಸುವ ಮಾತಲ್ಲ ಅದು. ಮಧ್ಯಾಹ್ನ ಹೋದೆ. ಒಡೆದ ಮೊಟ್ಟೆಯನ್ನು ಅವರು ಬಟ್ಟಲಲ್ಲಿ ಹಾಗೇ ಫ್ರಿಜ್‌ನಲ್ಲಿ ಮುಚ್ಚಿಟ್ಟಿದ್ದರು. ಬಿಳಿ ಪಿಂಗಾಣಿ ತಟ್ಟೆಗೆ ಮೆಲ್ಲಗೆ ಸುರಿದು ಕಿಟಕಿ ಬಳಿ ಹಿಡಿದೆವು. ಹಳದಿಯ ಒಂದು ಪಕ್ಕದಲ್ಲಿ ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡ ಕಡುಗೆಂಪು ಚುಕ್ಕೆ. ಅದರಿಂದ ಎಳೆಗಳೇನೂ ಹೊರಟಿರಲಿಲ್ಲ. ಚುಕ್ಕೆಯಿಂದ ಬೆರಳಗಲ ದೂರದಲ್ಲಿ, ಅದಕ್ಕೆ ಸಂಬಂಧವೇ ಇಲ್ಲದಂತೆ, ಮಸುಕು ಬಿಳಿಯ ಸಣ್ಣ ಬಳೆಯಂಥ ಗುರುತಿತ್ತು. ಅಕ್ಕನಿಗೆ ಅದನ್ನೇ ತೋರಿಸಿದೆ. ಮರಿಯ ಬೀಜ ಇರುವುದು ಆ ಬಿಳಿ ಗುರುತಿನಲ್ಲಿ. ಹುಂಜ ಕೂಡಿದ ಮೊಟ್ಟೆಯಲ್ಲಿ ಅದು ಬಳೆಯ ಹಾಗೆ ಕಾಣುತ್ತದೆ, ಕೂಡದ ಮೊಟ್ಟೆಯಲ್ಲಿ ಬರೀ ಬಿಳಿ ಮಚ್ಚೆ. ಎರಡರಲ್ಲೂ ರಕ್ತ ಇರುವುದಿಲ್ಲ, ಕಾವು ಸಿಕ್ಕಮೇಲೇ ರಕ್ತ ಹುಟ್ಟುವುದು.

ಹಾಗಾದರೆ ಈ ಕೆಂಪು ಎಲ್ಲಿಂದ ಬಂತು? ಮೊಟ್ಟೆ ಇಡುವ ಕೋಳಿಯನ್ನು ಕೊಯ್ದು ನೋಡಿದವರಿಗೆ ಗೊತ್ತು, ಹೊಟ್ಟೆಯಲ್ಲಿ ಹಳದಿ ಉಂಡೆಗಳು ದ್ರಾಕ್ಷಿ ಗೊಂಚಲಿನಂತೆ ಜೋತಿರುತ್ತವೆ, ಸಣ್ಣದು ದೊಡ್ಡದು ಎಲ್ಲ ಸೇರಿ. ಒಂದೊಂದನ್ನೂ ತೆಳು ಪೊರೆ ಸುತ್ತಿರುತ್ತದೆ. ಪೊರೆ ತುಂಬ ರಕ್ತದ ನರಗಳು ಹರಡಿರುತ್ತವೆ, ಒಂದು ಕಡೆ ಮಾತ್ರ ನರ ತೀರಾ ಕಮ್ಮಿ ಇರುವ ಒಂದು ಪಟ್ಟಿ. ಉಂಡೆ ಬಲಿತಾಗ ಪೊರೆ ಆ ಪಟ್ಟಿಯ ಉದ್ದಕ್ಕೆ ಬಿರಿದು ಹಳದಿ ಕೆಳಗೆ ಜಾರುತ್ತದೆ. ಬಿರುಕು ಸ್ವಲ್ಪ ಆಚೀಚೆ ಆಗಿ ಒಂದು ನರ ಹರಿದರೆ, ಒಂದು ಹನಿ ರಕ್ತ ಹಳದಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದರ ಮೇಲೆ ಬಿಳಿಲೋಳೆ, ಚಿಪ್ಪು ಎಲ್ಲ ಕಟ್ಟುತ್ತದೆ. ಅಂದರೆ ಅದು ತಾಯಿ ಕೋಳಿಯದೇ ರಕ್ತ, ಮರಿಯದಲ್ಲ. ಹುಂಜವೇ ಇಲ್ಲದ ಫಾರಂ ಕೋಳಿಯ ಮೊಟ್ಟೆಯಲ್ಲೂ ಈ ಚುಕ್ಕೆ ಬರುತ್ತದೆ. ಕಂದು ಚಿಪ್ಪಿನ ಮೊಟ್ಟೆ ಇಡುವ ತಳಿಗಳಲ್ಲಿ ಹೆಚ್ಚು. ಅಲ್ಲದೆ ಕಂದು ಚಿಪ್ಪಿನೊಳಗೆ ಬೆಳಕು ಬಿಟ್ಟು ನೋಡಿದರೂ ಚುಕ್ಕೆ ತಪ್ಪಿಸಿಕೊಳ್ಳುವುದು ಸುಲಭ.

ಚಮಚದ ತುದಿಯಿಂದ ಚುಕ್ಕೆ ಎತ್ತಿದೆ, ಬಂದುಬಿಟ್ಟಿತು. ಮೂಸಿ ನೋಡಿದೆ, ಏನೂ ವಾಸನೆ ಇಲ್ಲ. ಮೊಟ್ಟೆಯನ್ನು ಅಲ್ಲೇ ಹಂಚಿನ ಮೇಲೆ ಹಾಕಿಸಿ ಎರಡೂ ಕಡೆ ಗಟ್ಟಿಯಾಗುವವರೆಗೆ ಬೇಯಿಸಿ ಅವರೆದುರಿಗೇ ತಿಂದೆ. ಚುಕ್ಕೆ ತೆಗೆಯದೆ ಬೇಯಿಸಿದ್ದರೂ ಏನೂ ಆಗುತ್ತಿರಲಿಲ್ಲ, ಕಣ್ಣಿಗೆ ಹೇಸಿಗೆ ಅನ್ನಿಸಬಾರದೆಂದು ತೆಗೆದದ್ದು ಅಷ್ಟೆ. ಕೆಂಪು ಗಾಢವಾಗಿದ್ದರೆ ಮೊಟ್ಟೆ ಹೊಸದು ಅನ್ನಬಹುದು. ದಿನ ಕಳೆದಂತೆ ಲೋಳೆಯ ನೀರು ಹಳದಿಗೆ ಇಳಿದು ಚುಕ್ಕೆಯ ಬಣ್ಣ ತಿಳಿಯಾಗುತ್ತದೆ.

ಆ ವಾರ ನನ್ನ ಮನೆಯ ಮೊಟ್ಟೆಗಳಲ್ಲೇ ಮೂರರಲ್ಲಿ ಚುಕ್ಕೆ ಸಿಕ್ಕಿತು, ಅದಕ್ಕೂ ಮುಂಚೆ ತಿಂಗಳಿಗೊಂದು ಕಂಡರೆ ಹೆಚ್ಚು. ಗೂಡಿನ ಪಕ್ಕದ ಬಯಲಲ್ಲಿ ಹುಡುಗರು ಎರಡು ರಾತ್ರಿ ಆಟಂಬಾಂಬ್ ಹೊಡೆದಿದ್ದರು, ಕೋಳಿಗಳು ಬೆದರಿ ತಂತಿಬಲೆಗೆ ಬಡಿದುಕೊಂಡಿದ್ದವು. ಹಾಗೆ ದಿಢೀರ್ ಬೆದರುವುದೂ ಈ ಚುಕ್ಕೆಗೆ ಒಂದು ಕಾರಣ. ಹಳದಿ ಜಾರಿದ ಮೇಲೆ ಮೊಟ್ಟೆ ಹೊರಬರಲು ಸುಮಾರು ಒಂದು ದಿನ ಬೇಕು, ಹಾಗಾಗಿ ಬೆದರಿದ ಮರುದಿನದ, ಅದರ ಮರುದಿನದ ಮೊಟ್ಟೆಯನ್ನೇ ನಾನು ಹುಡುಕಿ ನೋಡುತ್ತೇನೆ. ಆಹಾರದಲ್ಲಿ ಎ ಜೀವಸತ್ವ ಕಮ್ಮಿಯಾದರೂ ಚುಕ್ಕೆ ಹೆಚ್ಚುತ್ತದೆ. ಬರೀ ಅಕ್ಕಿನುಚ್ಚು ಹಾಕುವುದನ್ನು ಬಿಟ್ಟು ಹಳದಿ ಮೆಕ್ಕೆಜೋಳ, ದಿನಾ ಒಂದಿಷ್ಟು ಹಸಿ ಸೊಪ್ಪು ಕೊಡುತ್ತಿದ್ದೇನೆ.

ಆದರೆ ಅಕ್ಕನ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಹುಂಜ ಇರುವ ಮನೆಯ ಮೊಟ್ಟೆಗೆ ಬಿಸಿಲುಗಾಲದಲ್ಲಿ ಇನ್ನೊಂದು ಬಗೆಯ ರಕ್ತ ಬರುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ಹುಲ್ಲುಬಣವೆಯ ಸಂದಿಯಲ್ಲಿ ಒಂಬತ್ತು ಮೊಟ್ಟೆ ಸಿಕ್ಕಿದ್ದವು. ಕೋಳಿ ಕದ್ದು ಇಟ್ಟು ಆಗಾಗ ಹೋಗಿ ಕೂತಿತ್ತು. ತಂಪಾಗಿದ್ದ ಒಂದನ್ನು ತಟ್ಟೆಗೆ ಒಡೆದೆ. ಬಿಳಿ ಗುರುತಿದ್ದ ಜಾಗದಲ್ಲೇ ಜೇಡರ ಬಲೆಯಂತೆ ಕೆಂಪು ಎಳೆಗಳು ಹರಡಿದ್ದವು. ಇನ್ನೊಂದರಲ್ಲಿ ಎಳೆ ಇರಲಿಲ್ಲ, ಹಳದಿಯ ಸುತ್ತ ಒಂದು ಕೆಂಪು ಉಂಗುರ. ಮೊದಲನೆಯದು ಎರಡು ಮೂರು ದಿನ ಕಾವು ಸಿಕ್ಕ ಮೊಟ್ಟೆ, ಎರಡನೆಯದು ಹಾಗೆ ಶುರುವಾಗಿ ಒಳಗೇ ಸತ್ತದ್ದು. ಎಳೆಗಳನ್ನು ಚಮಚದಲ್ಲಿ ಎತ್ತಲು ಹೋದರೆ ಬರಲಿಲ್ಲ, ಹಳದಿಯೇ ಒಡೆಯಿತು. ಒಂಬತ್ತನ್ನೂ ಗುಂಡಿ ತೋಡಿ ಹೂತೆ. ಕಾವಿನ ಬಿಸಿಯಲ್ಲಿ ಎಷ್ಟು ದಿನ ಇದ್ದವೋ ಲೆಕ್ಕವಿಲ್ಲದ ಮೊಟ್ಟೆಯನ್ನು ಮಾರುವಂತಿಲ್ಲ, ತಿನ್ನುವಂತೆಯೂ ಇಲ್ಲ.

ಅದಾದ ಮೇಲೆ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಸಲ, ಸಂಜೆ ಇನ್ನೊಂದು ಸಲ ಮೊಟ್ಟೆ ಎತ್ತುತ್ತೇನೆ. ಕಾವಿಗೆ ಕೂರಲು ಹಟ ಹಿಡಿದ ಕೋಳಿಯನ್ನು ಬೇರೆ ಗೂಡಿಗೆ ಹಾಕುತ್ತೇನೆ. ಮಾರುವ ಮುಂಚೆ ಕತ್ತಲೆ ಕೋಣೆಯಲ್ಲಿ, ರೂಪಾಯಿಯಗಲ ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ಟಾರ್ಚ್ ಇಟ್ಟು, ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಒತ್ತಿ ತಿರುಗಿಸಿ ನೋಡುತ್ತೇನೆ. ರಕ್ತದ ಚುಕ್ಕೆ ಹಳದಿಯ ಜೊತೆ ಜೊತೆಗೇ ತೇಲಿ ತಿರುಗುವ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಎಳೆ, ಉಂಗುರ ಕಂಡರೆ ಸಂಶಯವೇ ಬೇಡ. ಸಣ್ಣ ಚುಕ್ಕೆಗಳು ನನ್ನ ಕಣ್ಣಿಗೂ ತಪ್ಪುತ್ತವೆ. ಚುಕ್ಕೆ ಕಂಡದ್ದನ್ನು ಮಾರದೆ ನಮ್ಮ ಮನೆಗೇ ಇಟ್ಟುಕೊಳ್ಳುತ್ತೇವೆ.

ಚುಕ್ಕೆಯಲ್ಲದೆ ಬಿಳಿಲೋಳೆ ಪೂರ್ತಿ ಕೆಂಪಾಗಿದ್ದರೆ, ಗುಲಾಬಿ ಅಥವಾ ಹಸಿರು ಬಣ್ಣ ತಿರುಗಿದ್ದರೆ, ಒಡೆದ ಕೂಡಲೇ ನಾತ ಬಂದರೆ ರುಚಿ ನೋಡಲೂ ಹೋಗದೆ ಎಸೆಯುತ್ತೇನೆ. ಗುಲಾಬಿ, ಹಸಿರು ಬಣ್ಣ ಅಂದರೆ ಬ್ಯಾಕ್ಟೀರಿಯಾ ಸೇರಿ ಕೆಟ್ಟದ್ದರ ಗುರುತು. ಹಾಗಾಗಿಯೇ ಮನೆಯಲ್ಲಿ ಯಾವ ಮೊಟ್ಟೆಯನ್ನೂ ನೇರ ಬಾಣಲೆಗೆ ಒಡೆಯುವುದಿಲ್ಲ, ಮೊದಲು ಒಂದು ಸಣ್ಣ ಬಟ್ಟಲಿಗೆ.

ಆ ದಿನ ಹೊರಡುವಾಗ ಅಕ್ಕನ ಅತ್ತೆ ಒಂದು ಮಾತು ಹೇಳಿದರು. ಚುಕ್ಕೆ ಇಲ್ಲದ್ದಾದರೆ ಮೊಮ್ಮಗನಿಗೆ ದಿನಾ ಬೆಳಿಗ್ಗೆ ಹಸಿ ಮೊಟ್ಟೆಯನ್ನೇ ಹಾಲಿಗೆ ಒಡೆದು ಕುಡಿಸುತ್ತಾರಂತೆ, ಗಟ್ಟಿಮುಟ್ಟಾಗಲಿ ಅಂತ. ನನಗೆ ನಿಜವಾಗಿ ಭಯ ಆದದ್ದು ಆಗ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಮೊಟ್ಟೆಯಲ್ಲಿ ಇದ್ದರೂ ಬಣ್ಣ, ವಾಸನೆ ಯಾವುದೂ ಬದಲಾಗುವುದಿಲ್ಲ. ಅದರಿಂದ ವಾಂತಿ, ಭೇದಿ, ಜ್ವರ ಬರುತ್ತದೆ, ಎಳೆ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಜೋರಾಗಬಹುದು. "ಅವ್ವಾ, ಆ ಚುಕ್ಕೆ ಮಗೂಗೆ ಏನೂ ಮಾಡಲ್ಲ. ಹಸಿದು ಮಾತ್ರ ಕೊಡಬೇಡ್ರಿ, ಬಿಳೀದು ಹಳದಿ ಎರಡೂ ಗಟ್ಟಿ ಆಗೋ ಹಂಗೆ ಬೇಯಿಸಿ ಕೊಡ್ರಿ" ಅಂದೆ. ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿ, "ನಾಳೆಯಿಂದ ಬೇಯಿಸ್ತೀನಿ ಬಿಡಪ್ಪಾ" ಅಂದರು.